ತೇಲುವ ಕಾಫಿ, ಮುಳುಗುವ ಚಿಕೋರಿ: ಒಂದಲ್ಲ, ಮೂರು ಲೋಟ ಇಡಿ

ಬೆಂಗಳೂರಿನ ಕಾಫಿ ಪುಡಿ ಅಂಗಡಿಯಲ್ಲಿ ‘ಎಂಬತ್ತು ಇಪ್ಪತ್ತು ಕಾಲು ಕೆಜಿ ಕೊಡಿ’ ಎಂದು ಕೇಳುವವರಿಗೆ ಚಿಕೋರಿ ಹೊಸದೇನಲ್ಲ. ಅದು ವಿಷವಲ್ಲ, ನಿಷಿದ್ಧವೂ ಅಲ್ಲ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಶೇಕಡಾ ಇರಬೇಕು ಮತ್ತು ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಬರೆದಿರಬೇಕು ಎಂದು ಆಹಾರ ಸುರಕ್ಷತಾ ನಿಯಮವೇ ಹೇಳುತ್ತದೆ. ತಪ್ಪಾಗುವುದು ಹೇಳದೆ ಬೆರೆಸಿದಾಗ: ಪ್ಯೂರ್ ಕಾಫಿಯ ಬೆಲೆ ತೆಗೆದುಕೊಂಡು ಅಗ್ಗದ ಬೇರಿನ ಪುಡಿಯನ್ನು ತೂಗಿಕೊಟ್ಟಾಗ. ಅದನ್ನು ಮನೆಯಲ್ಲೇ ಗುರುತಿಸಲು ಒಂದು ಲೋಟ ನೀರು ಸಾಕು ಎನ್ನುತ್ತಾರೆ. ನಿಜ, ಆದರೆ ಒಂದು ಲೋಟದಿಂದ ಬರುವ ಉತ್ತರವನ್ನು ನಂಬಬೇಡಿ. ಮೂರು ಲೋಟ ಇಡಿ.

ಮೊದಲು ಇದು ಹೇಗೆ ನಡೆಯುತ್ತದೆ ಎಂದು ನೋಡೋಣ. ಹುರಿದ ಕಾಫಿ ಬೀಜದೊಳಗೆ ಸಣ್ಣ ಸಣ್ಣ ಗೂಡುಗಳಿದ್ದು, ಅವುಗಳಲ್ಲಿ ಹುರಿಯುವಾಗ ಹುಟ್ಟಿದ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಕಣದ ಮೇಲೆ ಎಣ್ಣೆಯ ಪಸೆಯೂ ಇರುತ್ತದೆ. ಹಾಗಾಗಿ ತಣ್ಣೀರು ಅದನ್ನು ಬೇಗ ನೆನೆಸಲಾರದು, ಪುಡಿ ತೇಲುತ್ತದೆ. ಚಿಕೋರಿ ಒಂದು ಗಿಡದ ಬೇರು. ಹುರಿದಾಗ ಅದರ ಸಕ್ಕರೆ ಅಂಶ ಕ್ಯಾರಮೆಲ್ ಆಗುತ್ತದೆ. ನೀರು ತಾಗಿದ ಕೂಡಲೇ ಕಣ ನೀರು ಹೀರಿ ಕೆಳಗಿಳಿಯುತ್ತದೆ, ಇಳಿಯುತ್ತಾ ಕರಗಿದ ಕ್ಯಾರಮೆಲ್ಲಿನ ಕಂದು ಎಳೆಯನ್ನು ಹಿಂದೆ ಬಿಡುತ್ತದೆ. ನೋಡಬೇಕಾದದ್ದು ಆ ಎಳೆಯನ್ನು. ಬರೀ ಮುಳುಗುವುದನ್ನು ನೋಡಿದರೆ ಮೋಸ ಹೋಗುತ್ತೀರಿ.

ಈಗ ಮೂರು ಲೋಟ. ‘ಪ್ಯೂರ್’ ಎಂದು ಕೊಂಡ ಪುಡಿಯ ಮೇಲೆ ಅನುಮಾನ ಇದೆ ಎಂದುಕೊಳ್ಳಿ. ಹುರಿದ ಕಾಫಿ ಬೀಜ 50 ಗ್ರಾಂ ತಂದು ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ, ಇದು ಮೊದಲ ಲೋಟಕ್ಕೆ. ಕಾಫಿ ಪುಡಿ ಅಂಗಡಿಯಲ್ಲಿ ಚಿಕೋರಿಯನ್ನು ಬಿಡಿಯಾಗಿ ಕೇಳಿ ತಂದು, ಮಿಕ್ಸಿಯಲ್ಲಿ ನೀವೇ ಮಾಡಿದ ಪುಡಿ 4 ಗ್ರಾಂಗೆ ಅದನ್ನು 1 ಗ್ರಾಂ ಬೆರೆಸಿ, ಇದು ಎಂಬತ್ತು–ಇಪ್ಪತ್ತರ ಎರಡನೇ ಲೋಟ. ಮೂರನೆಯದು ಅನುಮಾನದ ಪುಡಿ. ಮೂರನ್ನೂ ಒಂದೇ ಜರಡಿಯಲ್ಲಿ ಆಡಿಸಿ, ಕೆಳಗೆ ಬಿದ್ದದ್ದನ್ನು ಮಾತ್ರ ಬಳಸಿ. ಒಂದು ನುಣ್ಣಗೆ, ಇನ್ನೊಂದು ತರಿತರಿ ಇದ್ದರೆ ಹೋಲಿಕೆಗೆ ಅರ್ಥವಿಲ್ಲ.

ಪಾರದರ್ಶಕ ಗಾಜಿನ ಲೋಟಕ್ಕೆ ಸುಮಾರು 200 ಮಿಲಿ ತಣ್ಣೀರು ಹಾಕಿ, ನೀರಿನ ಅಲುಗಾಟ ನಿಲ್ಲಲಿ. ಹಿಂದೆ ಒಂದು ಬಿಳಿ ಕಾಗದ ನಿಲ್ಲಿಸಿ. ಕಾಲು ಟೀ ಚಮಚ ಪುಡಿಯನ್ನು ಒಣ ಚಮಚದಿಂದ ನೀರಿಗೆ ಹತ್ತಿರದಲ್ಲೇ ಹಿಡಿದು ಹಗುರವಾಗಿ ಉದುರಿಸಿ. ಕಲಕಬೇಡಿ. ತುಂಬಿದ ಚಮಚ ಸುರಿದರೆ ಕಾಫಿ ಮೇಲೆ ದಪ್ಪ ಕೆನೆಯಂತೆ ಕಟ್ಟಿಕೊಂಡು ಚಿಕೋರಿಯ ಕಣಗಳನ್ನೂ ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ, ಆಗ ಕಲಬೆರಕೆ ಪುಡಿಯೂ ಪಾಸಾಗಿಬಿಡುತ್ತದೆ.

ಕಣ್ಣು ನೆಡಬೇಕಾದದ್ದು ಮೊದಲ ಅರ್ಧ ನಿಮಿಷ. ಎರಡನೇ ಲೋಟದಲ್ಲಿ ಕೆಲವೇ ಸೆಕೆಂಡುಗಳಲ್ಲಿ ಕಂದು ದಾರಗಳು ನೇತಾಡುತ್ತಾ ತಳಕ್ಕೆ ಹೋಗುತ್ತವೆ. ಮೊದಲನೆಯದರಲ್ಲಿ ಪುಡಿ ಮೇಲೆಯೇ ನಿಂತು ನೀರು ಬಹುಮಟ್ಟಿಗೆ ತಿಳಿಯಾಗಿರುತ್ತದೆ. ಒಂದೆರಡು ನುಣುಪು ಕಣ ಇಳಿದರೂ ದಾರ ಕಾಣುವುದಿಲ್ಲ. ಮೂರನೇ ಲೋಟ ಯಾವುದನ್ನು ಹೋಲುತ್ತದೆ ಎಂಬುದೇ ಉತ್ತರ. ದಾರಗಳಿವೆ, ಆದರೆ ಎರಡನೇ ಲೋಟಕ್ಕಿಂತ ಕಡಿಮೆ ಎನಿಸಿದರೆ ಒಂಬತ್ತಕ್ಕೆ ಒಂದರಂತೆ ಬೆರೆಸಿ ಇನ್ನೊಂದು ಲೋಟ ಇಟ್ಟು ನೋಡಿ. ಸಿಗುವುದು ಅಂದಾಜು ಮಾತ್ರ. ‘ಹನ್ನೆರಡು ಪರ್ಸೆಂಟ್ ಇದೆ’ ಎಂದು ಈ ಲೋಟ ನೋಡಿ ಯಾರೂ ಹೇಳಲಾಗದು. ಕೆಲವು ನಿಮಿಷ ಕಳೆದ ಮೇಲೆ ಶುದ್ಧ ಕಾಫಿಯೂ ಬಣ್ಣ ಬಿಟ್ಟು ಇಳಿಯತೊಡಗುತ್ತದೆ, ಆಮೇಲಿನದಕ್ಕೆ ಬೆಲೆ ಕೊಡಬೇಡಿ.

ಅನುಮಾನ ಉಳಿದರೆ ತಳಕ್ಕೆ ಬಿದ್ದ ಕಣಗಳನ್ನು ಬಸಿದು ತೆಗೆದು ಬೆರಳುಗಳ ನಡುವೆ ಒತ್ತಿ. ನೆನೆದ ಚಿಕೋರಿ ಮೆತ್ತಗೆ ಹಿಸುಕಿಹೋಗುತ್ತದೆ. ಕಾಫಿ ಕಣ ಮರಳಿನಂತೆ ಗಡುಸಾಗಿಯೇ ಇರುತ್ತದೆ. ಕಣ್ಣಿನ ಪರೀಕ್ಷೆಗೆ ಈ ಬೆರಳಿನ ಪರೀಕ್ಷೆ ನೆರವಾಗುತ್ತದೆ.

ಶುದ್ಧ ಪುಡಿಯ ಮೇಲೆ ಸುಮ್ಮನೆ ಅಪವಾದ ಬರುವುದು ಹೆಚ್ಚಾಗಿ ಮೂರು ಕಾರಣಕ್ಕೆ. ಲೋಟದಲ್ಲಿ ಪಾತ್ರೆ ಸೋಪಿನ ಪಸೆ ಉಳಿದಿದ್ದರೆ ನೀರಿನ ಮೇಲ್ಮೈಯ ಬಿಗಿ ಸಡಿಲಾಗಿ ಕಾಫಿಯೂ ಮುಳುಗುತ್ತದೆ. ಬಿಸಿ ನೀರು ಹಾಕಿದರೆ ಕಾಫಿಯ ಗಾಳಿ ಬೇಗ ಹೊರಬಿದ್ದು ಬಣ್ಣವೂ ಇಳಿಯುತ್ತದೆ. ತಿಂಗಳುಗಟ್ಟಲೆ ಡಬ್ಬಿಯಲ್ಲಿದ್ದ ಹಳೆಯ ಪುಡಿ ಗಾಳಿ ಕಳೆದುಕೊಂಡಿರುವುದರಿಂದ ತಾಜಾ ಪುಡಿಯಷ್ಟು ತೇಲುವುದಿಲ್ಲ. ನೀರಿಗೆ ಬಿದ್ದ ಕೂಡಲೇ ಕರಗುವ ಇನ್‌ಸ್ಟಂಟ್ ಕಾಫಿಗೆ ಈ ಪರೀಕ್ಷೆ ಅನ್ವಯಿಸುವುದೇ ಇಲ್ಲ.

ಅಯೋಡಿನ್ ಹಾಕಿದರೆ ಚಿಕೋರಿ ತಿಳಿಯುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ತಿಳಿಯುವುದಿಲ್ಲ. ಚಿಕೋರಿ ಬೇರು ತನ್ನ ಆಹಾರವನ್ನು ಪಿಷ್ಟವಾಗಿ ಅಲ್ಲ, ಇನ್ಯುಲಿನ್ ಆಗಿ ಕೂಡಿಡುತ್ತದೆ, ಇನ್ಯುಲಿನ್ ಅಯೋಡಿನ್ನಿಗೆ ನೀಲಿಯಾಗದು. ಅಯೋಡಿನ್ ಹಿಡಿಯುವುದು ಪಿಷ್ಟವನ್ನು ಮಾತ್ರ, ಅಂದರೆ ಹಿಟ್ಟನ್ನು. ಅದರ ಸರಿಯಾದ ಜಾಗ ಅಚ್ಚ ಖಾರದ ಪುಡಿ.

ಕಾಲು ಚಮಚ ಖಾರದ ಪುಡಿಯನ್ನು 30 ಮಿಲಿ ನೀರಿನಲ್ಲಿ ಎರಡು ನಿಮಿಷ ಕುದಿಸಿ. ಕುದಿದಾಗ ಪಿಷ್ಟ ಉಬ್ಬಿ ನೀರಿಗೆ ಬರುತ್ತದೆ. ಆಮೇಲೆ ಪೂರ್ತಿ ಆರಲು ಬಿಡಿ. ಇಲ್ಲಿ ಅವಸರ ಮಾಡಿದರೆ ಪರೀಕ್ಷೆ ಕೆಟ್ಟಿತು: ಬಿಸಿಯಲ್ಲಿ ಅಯೋಡಿನ್ನಿನ ನೀಲಿ ಕಾಣುವುದೇ ಇಲ್ಲ, ಆರಿದ ಮೇಲೆ ಮೂಡುತ್ತದೆ. ಮೇಲಿನ ತಿಳಿಯನ್ನು ಬಿಳಿ ಬಟ್ಟಲಿಗೆ ಬಸಿದು ಮೆಡಿಕಲ್ ಶಾಪಿನ ಟಿಂಚರ್ ಅಯೋಡಿನ್ ಎರಡು ಮೂರು ಹನಿ ಹಾಕಿ. ಅದು ಸಿಗದಿದ್ದರೆ ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ದ್ರಾವಣವೂ ಆದೀತು. ಹಿಟ್ಟಿದ್ದರೆ ಕಡುನೀಲಿ, ಇಲ್ಲದಿದ್ದರೆ ಅಯೋಡಿನ್ನಿನದೇ ಹಳದಿ–ಕಂದು. ಇಲ್ಲೂ ಪಕ್ಕದಲ್ಲಿ ಇಡೀ ಬ್ಯಾಡಗಿ ಮೆಣಸಿನಕಾಯಿಯನ್ನು ನೀವೇ ಪುಡಿ ಮಾಡಿದ ಬಟ್ಟಲು ಇರಬೇಕು. ಪರೀಕ್ಷೆ ಮಾಡಿದ್ದನ್ನು ಚೆಲ್ಲಿಬಿಡಿ, ಬಾಯಿಗೆ ಹಾಕಬೇಡಿ.

ನೀಲಿ ಬಂದ ಮಾತ್ರಕ್ಕೆ ಅಂಗಡಿಯವರ ಮೇಲೆ ಹರಿಹಾಯಬೇಡಿ. ಮಿಲ್ಲಿನಲ್ಲಿ ನಿಮ್ಮ ಮೆಣಸಿನಕಾಯಿಗಿಂತ ಮುಂಚೆ ಅದೇ ಯಂತ್ರದಲ್ಲಿ ಅಕ್ಕಿಯೋ ರಾಗಿಯೋ ಬೀಸಿದ್ದರೆ ಅದರ ಉಳಿಕೆಯೇ ಸಾಕು. ಅರಿಶಿನ, ಶುಂಠಿ, ಕಾಳುಮೆಣಸುಗಳಲ್ಲಿ ಪಿಷ್ಟ ಹುಟ್ಟಿನಿಂದಲೇ ಇದೆ. ಅವುಗಳಿಗೆ ಅಯೋಡಿನ್ ಹಾಕಿ ನೀಲಿ ನೋಡಿ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ. ಸಾರಿನ ಪುಡಿ, ಹುಳಿಪುಡಿಗಳಲ್ಲಿ ಬೇಳೆ ಇದ್ದರೆ ಅವೂ ನೀಲಿಯೇ. ಅಂಗಡಿಯ ಕೂಟು ಇಂಗಿಗೆ ಹಿಟ್ಟು ಬೆರೆಸುವುದಕ್ಕೆ ನಿಯಮದಲ್ಲೇ ಅವಕಾಶವಿದೆ.

ಕಾಫಿಗೂ ಅಯೋಡಿನ್ ಒಂದು ಕೆಲಸಕ್ಕೆ ಬರುತ್ತದೆ: ಹುರಿದ ಧಾನ್ಯದ ಹಿಟ್ಟು ಬೆರೆಸಿದ್ದರೆ. ಡಿಕಾಕ್ಷನ್ ಆರಿಸಿ, ತೆಳು ಚಹಾದ ಬಣ್ಣಕ್ಕಿಂತಲೂ ತಿಳಿಯಾಗುವಷ್ಟು ನೀರು ಬೆರೆಸಿದ ಮೇಲೆ ಹನಿ ಹಾಕಿ. ಗಟ್ಟಿ ಡಿಕಾಕ್ಷನ್ನಿನ ಕಪ್ಪಿನಲ್ಲಿ ನೀಲಿ ಕಾಣದು. ಕಾಫಿಯ ಒಗರಿನ ಅಂಶಗಳು ಮೊದಲ ಹನಿಗಳನ್ನು ನುಂಗಿಬಿಡುವುದರಿಂದ ಇನ್ನೂ ನಾಲ್ಕಾರು ಹನಿ ಬೇಕಾದೀತು. ಚೆನ್ನಾಗಿ ಹುರಿದ ಧಾನ್ಯದಲ್ಲಿ ಪಿಷ್ಟ ಅರ್ಧಂಬರ್ಧ ಒಡೆದಿರುವುದರಿಂದ ನೀಲಿಗೆ ಬದಲು ನೇರಳೆ, ಕೆಂಗಂದು ಬರುವುದೂ ಉಂಟು.

ಮೂರನೇ ಲೋಟ ಎರಡು ಮೂರು ಸಲವೂ ಎರಡನೆಯದರಂತೆಯೇ ನಡೆದುಕೊಂಡರೆ ಉಳಿದ ಪುಡಿಯನ್ನು ಹಾಗೇ ಇಡಿ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮಿನಂತೆ ಕೊಂಡವರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ವರದಿಯಲ್ಲಿ ತಪ್ಪು ಕಂಡುಬಂದರೆ ಆ ಶುಲ್ಕ ಮರಳಿ ಸಿಗುತ್ತದೆ. ಹೀಗೆ ಪರೀಕ್ಷೆ ಮಾಡಿಸುವ ಉದ್ದೇಶವನ್ನು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕೆಂಬ ಷರತ್ತಿದೆ, ಆದ್ದರಿಂದ ಅದಕ್ಕೆ ಹೊಸದಾಗಿಯೇ ಪುಡಿ ಕೊಳ್ಳಬೇಕಾಗುತ್ತದೆ. ಆಗ ಒಡೆಯದ ಪೊಟ್ಟಣವನ್ನೇ ತೆಗೆದುಕೊಳ್ಳಿ. ಬಿಡಿಯಾಗಿ ಬೀಸಿಸಿಕೊಳ್ಳುವುದಾದರೆ ‘ಚಿಕೋರಿ ಇಲ್ಲ’ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.