ಬೆಕ್ಕಿನ ಗುರುಗುರು: ಸುಖಕ್ಕೂ ಸಂಕಟಕ್ಕೂ ಒಂದೇ ಸದ್ದೇಕೆ?

ಬೆಕ್ಕು ಗುರುಗುಟ್ಟುತ್ತಿದ್ದರೆ ಅದು ನೆಮ್ಮದಿಯಿಂದಿದೆ ಎಂಬುದು ಸಾಮಾನ್ಯ ನಂಬಿಕೆ. ಆದರೆ ಗಾಯಗೊಂಡ, ಹೆದರಿದ, ಕೆಲವೊಮ್ಮೆ ಸಾಯುವ ಹಂತದಲ್ಲಿರುವ ಬೆಕ್ಕು ಕೂಡ ಗುರುಗುಟ್ಟುತ್ತದೆ ಎಂಬುದನ್ನು ಪಶುವೈದ್ಯರು ಬಲ್ಲರು. ಈ ಎರಡು ಮಾತುಗಳನ್ನು ಹೊಂದಿಸುವ ಪ್ರಯತ್ನದಲ್ಲಿ ಹಲವು ವಿವರಣೆಗಳು ಹುಟ್ಟಿಕೊಂಡು, ಸದ್ದು ಹೇಗೆ ಬರುತ್ತದೆ ಎಂಬ ಪ್ರಶ್ನೆಯೂ ಏಕೆ ಬರುತ್ತದೆ ಎಂಬ ಪ್ರಶ್ನೆಯೂ ಒಂದರೊಳಗೊಂದು ಸಿಕ್ಕಿಕೊಂಡಿವೆ.

1960ರ ದಶಕದಲ್ಲಿ ಎದೆಯ ದೊಡ್ಡ ರಕ್ತನಾಳದಲ್ಲಿ ಹರಿಯುವ ರಕ್ತದ ಸುಳಿಯೇ ಈ ಸದ್ದಿನ ಮೂಲ ಎಂಬ ವಾದವೂ ಇತ್ತು. 1972ರಲ್ಲಿ ರೆಮ್ಮರ್ಸ್ ಮತ್ತು ಗೋಟಿಯೇ ಎಂಬ ಸಂಶೋಧಕರು ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅಳೆದು ನೋಡಿದ ಮೇಲೆ ಆ ವಾದ ಹಿಂದೆ ಸರಿಯಿತು. ಬೆಕ್ಕು ಗುರುಗುಟ್ಟುವಾಗ ಧ್ವನಿಪೆಟ್ಟಿಗೆಯ ಸ್ನಾಯುಗಳು ಸೆಕೆಂಡಿಗೆ ಇಪ್ಪತ್ತಕ್ಕೂ ಹೆಚ್ಚು ಬಾರಿ ಬಿಗಿದು ಸಡಿಲಗೊಳ್ಳುತ್ತಿದ್ದವು. ಧ್ವನಿತಂತುಗಳ ನಡುವಿನ ಕಿಂಡಿ ಪ್ರತಿ ಬಾರಿ ಮುಚ್ಚಿ ತೆರೆದಾಗಲೂ ಉಸಿರಿನ ಒತ್ತಡ ಒಂದು ಸಣ್ಣ ತುಡಿತವಾಗಿ ಹೊರಬರುತ್ತಿತ್ತು. ಈ ಲಯವನ್ನು ಮೆದುಳೇ ಹಿಡಿದು ನಡೆಸುತ್ತದೆ, ಪ್ರತಿ ತುಡಿತಕ್ಕೂ ಅಲ್ಲಿಂದಲೇ ಅಪ್ಪಣೆ ಹೋಗುತ್ತದೆ ಎಂಬ ತೀರ್ಮಾನ ಮುಂದಿನ ಐವತ್ತು ವರ್ಷ ಪಠ್ಯಪುಸ್ತಕಗಳಲ್ಲಿ ಉಳಿಯಿತು. ಉಸಿರು ಒಳಗೆಳೆಯುವಾಗಲೂ ಹೊರಬಿಡುವಾಗಲೂ ಸದ್ದು ಬಹುತೇಕ ಎಡೆಬಿಡದೆ ಕೇಳುವುದಕ್ಕೂ ಇದು ಉತ್ತರ ಕೊಡುತ್ತಿತ್ತು.

ಆದರೂ ಒಂದು ತೊಡಕು ಉಳಿದಿತ್ತು. ಪ್ರಾಣಿಲೋಕದ ಉಳಿದ ಧ್ವನಿಗಳಲ್ಲಿ ಹೆಚ್ಚಿನವು, ಬೆಕ್ಕಿನದೇ ಮಿಯಾಂವ್ ಕೂಡ, ಗಾಳಿಯ ರಭಸಕ್ಕೆ ಧ್ವನಿತಂತುಗಳು ತಾವಾಗಿ ಕಂಪಿಸುವುದರಿಂದ ಹುಟ್ಟುತ್ತವೆ. ಅಲ್ಲಿ ಒಂದೊಂದು ಕಂಪನಕ್ಕೂ ಮೆದುಳಿನ ಅಪ್ಪಣೆ ಬೇಕಿಲ್ಲ. ಗುರುಗುರು ಒಂದಕ್ಕೆ ಮಾತ್ರ ಬೇರೆ ನಿಯಮವೇಕೆ? 2023ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದ ಕ್ರಿಶ್ಚಿಯನ್ ಹೆರ್ಬ್ಸ್ಟ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಕಾಯಿಲೆಯ ಕಾರಣ ದಯಾಮರಣ ನೀಡಲಾಗಿದ್ದ ಎಂಟು ಬೆಕ್ಕುಗಳ ಧ್ವನಿಪೆಟ್ಟಿಗೆಗಳನ್ನು ಹೊರತೆಗೆದು, ಧ್ವನಿತಂತುಗಳನ್ನು ಒಂದಕ್ಕೊಂದು ಹತ್ತಿರ ತಂದು, ಬೆಚ್ಚಗಿನ ತೇವದ ಗಾಳಿಯನ್ನು ಹಾಯಿಸಿದಾಗ ಎಂಟೂ 25ರಿಂದ 30 ಹರ್ಟ್ಸ್‌ನಲ್ಲಿ ಕಂಪಿಸಿದವು. ನರವೂ ಇರಲಿಲ್ಲ, ಸ್ನಾಯುವಿನ ಸೆಳೆತವೂ ಇರಲಿಲ್ಲ. ಇಷ್ಟು ಚಿಕ್ಕ ಪ್ರಾಣಿಯಿಂದ ಇಷ್ಟು ತಗ್ಗಿನ ಸ್ವರ ಬರುವುದಕ್ಕೆ ಧ್ವನಿತಂತುಗಳೊಳಗೆ ಹುದುಗಿರುವ, ಸುಮಾರು 4 ಮಿಲಿಮೀಟರ್‌ವರೆಗಿನ ಅಂಗಾಂಶದ ಮೆತ್ತೆಗಳು ನೆರವಾಗುತ್ತಿರಬಹುದು. ತಂತಿಗೆ ಭಾರ ಕಟ್ಟಿದರೆ ಅದರ ಮಿಡಿತ ನಿಧಾನವಾಗುವ ಹಾಗೆ.

ಇದರಿಂದ 1972ರ ಅಳತೆಗಳು ಸುಳ್ಳಾಗುವುದಿಲ್ಲ. ಜೀವಂತ ಬೆಕ್ಕಿನಲ್ಲಿ ಧ್ವನಿತಂತುಗಳನ್ನು ಹತ್ತಿರ ತರಲು ಸ್ನಾಯುಗಳು ಬೇಕೇ ಬೇಕು, ಮತ್ತು ಅವುಗಳ ಲಯಬದ್ಧ ಬಿಗಿತವೂ ಸದ್ದಿಗೆ ನೆರವಾಗಬಹುದು. ಎರಡು ಪ್ರಯೋಗಗಳನ್ನು ಎದುರಾಳಿಗಳೆಂದು ನಿಲ್ಲಿಸುವುದು ಅವಸರವೆನಿಸುತ್ತದೆ. ಆದರೆ ಗಾಳಿಯೇ ಹೆಚ್ಚಿನ ಕೆಲಸವನ್ನು ಮಾಡುತ್ತದೆಯಾದರೆ, ನಿತ್ರಾಣಗೊಂಡ ಬೆಕ್ಕು ಹೇಗೆ ಗುರುಗುಟ್ಟೀತು ಎಂಬುದು ಮೊದಲಿನಷ್ಟು ಸೋಜಿಗವಾಗಿ ಉಳಿಯುವುದಿಲ್ಲ.

ಇನ್ನು ಏಕೆ ಎಂಬ ಪ್ರಶ್ನೆ. ಹುಟ್ಟಿದ ಕೆಲವೇ ದಿನಗಳಲ್ಲಿ, ಕಣ್ಣು ತೆರೆಯುವ ಮೊದಲೇ, ಮರಿಗಳು ಹಾಲು ಕುಡಿಯುತ್ತಾ ಗುರುಗುಟ್ಟಲಾರಂಭಿಸುತ್ತವೆ, ತಾಯಿಯೂ ಗುರುಗುಟ್ಟುತ್ತದೆ. ಹತ್ತಿರದಲ್ಲಿ ಮಾತ್ರ ಕೇಳುವ, ಮೈಗೆ ಮೈ ತಾಗಿದಾಗ ಅರಿವಿಗೆ ಬರುವ ಈ ಸದ್ದು ‘ದೂರ ಹೋಗಬೇಡ’ ಎಂಬ ಕೋರಿಕೆಯಂತಿದೆ. ಹಾಗೆ ನೋಡಿದರೆ ಸುಖ ಮತ್ತು ಸಂಕಟಗಳ ನಡುವಿನ ವಿರೋಧ ಬಹುಮಟ್ಟಿಗೆ ಕರಗುತ್ತದೆ, ಏಕೆಂದರೆ ಹಾಲು ಬೇಕಾದ ಮರಿಗೂ ನೋವಿನಲ್ಲಿರುವ ಬೆಕ್ಕಿಗೂ ಬೇಕಿರುವುದು ಆಸರೆ. 2009ರಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದ ಕ್ಯಾರೆನ್ ಮೆಕೋಂಬ್ ತಂಡವು ಊಟಕ್ಕಾಗಿ ಕಾಡುವ ಬೆಕ್ಕುಗಳ ಗುರುಗುರುವಿನಲ್ಲಿ ಅಳುವಿನಂಥ ಒಂದು ಎತ್ತರದ ಸ್ವರ ಬೆರೆತಿರುವುದನ್ನು ಗುರುತಿಸಿತು. ಬೆಕ್ಕು ಸಾಕಿ ಅಭ್ಯಾಸವಿಲ್ಲದವರಿಗೂ ಅದು ಹೆಚ್ಚು ಆತುರದ ಸದ್ದಾಗಿ ಕೇಳಿಸಿತು.

ಗುರುಗುರುವಿನ ಕಂಪನವೇ ಮೂಳೆಯನ್ನು ಕೂಡಿಸುತ್ತದೆ ಎಂಬ ಮಾತು ಮಾತ್ರ ತನ್ನ ಆಧಾರಕ್ಕಿಂತ ಬಹಳ ಮುಂದೆ ಓಡಿದೆ. 2001ರ ಒಂದು ಅಧ್ಯಯನದಲ್ಲಿ ಒಂದು ವರ್ಷ ಕಾಲ, ದಿನಕ್ಕೆ 20 ನಿಮಿಷ, 30 ಹರ್ಟ್ಸ್‌ನಲ್ಲಿ ಕಂಪಿಸುವ ಹಲಗೆಯ ಮೇಲೆ ನಿಂತ ಕುರಿಗಳ ತೊಡೆಮೂಳೆ ದಟ್ಟವಾಗಿತ್ತು. ಆದರೆ ಅಲ್ಲಿ ಕಂಪನ ಬಂದದ್ದು ಯಂತ್ರದಿಂದ, ಕಾಲಿನ ಮೂಲಕ. ಆವರ್ತನ ಒಂದೇ ಎಂಬ ಹೋಲಿಕೆಯಿಂದ ಬೆಕ್ಕು ತನಗೆ ತಾನೇ ಚಿಕಿತ್ಸೆ ಮಾಡಿಕೊಳ್ಳುತ್ತದೆ ಎನ್ನಲಾಗದು.

ಹಾಗಾಗಿ ಗುರುಗುಟ್ಟುವ ಬೆಕ್ಕಿನ ಸ್ಥಿತಿಯನ್ನು ಮೈಯ ಉಳಿದ ಗುರುತುಗಳಿಂದ ಅಳೆಯಬೇಕಾಗುತ್ತದೆ. ಉದಾಹರಣೆಗೆ, ಒಂದು ಬೆಕ್ಕು ಊಟ ಬಿಟ್ಟು ಮೂಲೆ ಸೇರಿದೆ, ತಲೆಯನ್ನು ಭುಜಕ್ಕಿಂತ ಕೆಳಗೆ ಹಿಡಿದು ಕುಗ್ಗಿ ಕುಳಿತಿದೆ, ಕಣ್ಣು ಅರೆಮುಚ್ಚಿ ಬಿಗಿದಿದೆ, ಕಿವಿಗಳು ಹೊರಕ್ಕೆ ತಿರುಗಿವೆ, ಆದರೂ ಗುರುಗುಟ್ಟುತ್ತಿದೆ ಎಂದುಕೊಳ್ಳಿ. ಇಲ್ಲಿ ನಂಬಬೇಕಾದದ್ದು ಮುಖವನ್ನು, ಸದ್ದನ್ನಲ್ಲ. ಅದು ಮಲಗಿ ಸದ್ದು ನಿಂತ ಮೇಲೆ ಪಕ್ಕೆಯ ಏರಿಳಿತವನ್ನು ಎಣಿಸಿ, ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರು ಮತ್ತೆ ಮತ್ತೆ ಕಂಡರೆ ಪಶುವೈದ್ಯರ ಬಳಿ ಒಯ್ಯುವುದು ಸರಿ. ಅಲ್ಲಿಯೂ ಗುರುಗುರು ನಿಲ್ಲದೆ ಹೃದಯದ ಸದ್ದನ್ನು ಮುಚ್ಚಿಹಾಕುವುದುಂಟು; ಆಗ ಕೆಲವು ವೈದ್ಯರು ಪಕ್ಕದ ನಲ್ಲಿಯನ್ನು ತಿರುಗಿಸುತ್ತಾರೆ, ನೀರಿನ ಸದ್ದಿಗೆ ಹೆಚ್ಚಿನ ಬೆಕ್ಕುಗಳು ಸುಮ್ಮನಾಗುತ್ತವೆ.