ಬ್ಲಾಕ್ ಮಾಡಿಸಿದ್ದು ನಿಮ್ಮ ಖಾತೆ, ದುಡ್ಡಿರುವುದು ಅವರ ಖಾತೆಯಲ್ಲಿ

ವಂಚಕರಿಗೆ ದುಡ್ಡು ಕಳಿಸಿ ನನ್ನ ಕಚೇರಿಗೆ ಬರುವವರಲ್ಲಿ ಬಹಳಷ್ಟು ಜನ ಕುರ್ಚಿ ಎಳೆದುಕೊಳ್ಳುವ ಮೊದಲೇ ಒಂದು ಮಾತು ಹೇಳುತ್ತಾರೆ: "ಸಾರ್, ಗೊತ್ತಾದ ತಕ್ಷಣ ಅಕೌಂಟ್ ಬ್ಲಾಕ್ ಮಾಡಿಸಿಬಿಟ್ಟೆ." ಯಾರದು ಎಂದು ಕೇಳುತ್ತೇನೆ. "ನನ್ನದೇ ಸಾರ್." ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದಿರಾ ಎಂದರೆ, "ಬ್ಲಾಕ್ ಆಯ್ತಲ್ಲ, ಇನ್ನೇನು ಅಂತ ಸುಮ್ಮನಿದ್ದೆ" ಎನ್ನುತ್ತಾರೆ. ವಕೀಲನಾಗಿ ತಾಳ್ಮೆ ಕಳೆದುಕೊಳ್ಳಬಾರದು, ಆದರೂ ಈ ಉತ್ತರಕ್ಕೆ ಪ್ರತಿ ಸಲವೂ ಕಳೆದುಕೊಳ್ಳುತ್ತೇನೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಇದು.

ನಿಮ್ಮ ಖಾತೆಯನ್ನು ಬ್ಲಾಕ್ ಮಾಡಿಸಿದರೆ ಇನ್ನು ಮುಂದೆ ಹೋಗಬಹುದಾದ ದುಡ್ಡು ನಿಲ್ಲುತ್ತದೆ. ಆಗಲೇ ಹೋಗಿರುವ ದುಡ್ಡಿಗೂ ಅದಕ್ಕೂ ಸಂಬಂಧವಿಲ್ಲ. ಆ ದುಡ್ಡು ಬೇರೆ ಯಾರದೋ ಹೆಸರಿನ, ಸಾಮಾನ್ಯವಾಗಿ ಬೇರೆ ಬ್ಯಾಂಕಿನ ಖಾತೆಯಲ್ಲಿ ಕೂತಿದೆ. ಪೊಲೀಸರು ಅದನ್ನು ಮ್ಯೂಲ್ ಖಾತೆ ಎನ್ನುತ್ತಾರೆ. ಕಮಿಷನ್ ಆಸೆಗೆ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಎಲ್ಲವನ್ನೂ ಒಪ್ಪಿಸಿದ ಯಾರೋ ಒಬ್ಬರ ಖಾತೆ ಅದು. ಅಲ್ಲಿ ದುಡ್ಡು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎರಡು ಮೂರು ಖಾತೆಗಳಿಗೆ ಹಂಚಿಹೋಗುತ್ತದೆ, ಅಲ್ಲಿಂದ ಇನ್ನಷ್ಟಕ್ಕೆ, ಕೊನೆಗೆ ಎಟಿಎಂನಲ್ಲಿ ನಗದಾಗಿಯೋ ಕ್ರಿಪ್ಟೋ ಆಗಿಯೋ ಹೊರಗೆ. ನಿಮ್ಮ ಬ್ಯಾಂಕಿನ ಮ್ಯಾನೇಜರ್ ಎಷ್ಟೇ ಒಳ್ಳೆಯವರಾಗಿರಲಿ, ಇನ್ನೊಂದು ಬ್ಯಾಂಕಿನ ಗ್ರಾಹಕನ ಖಾತೆಗೆ ಕೈ ಹಾಕುವ ಅಧಿಕಾರ ಅವರಿಗಿಲ್ಲ. ಯುಪಿಐ, ಐಎಂಪಿಎಸ್‌ನಲ್ಲಿ ಒಮ್ಮೆ ಜಮಾ ಆದದ್ದನ್ನು ನಿಮ್ಮ ಕಡೆಯಿಂದ ರದ್ದು ಮಾಡುವ ಗುಂಡಿಯೂ ಇಲ್ಲ.

ಆ ಇನ್ನೊಂದು ಖಾತೆಯಲ್ಲಿ ದುಡ್ಡನ್ನು ತಡೆಹಿಡಿಸುವುದಕ್ಕೇ 1930 ಇರುವುದು. ಅದು ಬರೀ ದೂರು ಬರೆದುಕೊಳ್ಳುವ ಸಹಾಯವಾಣಿಯಲ್ಲ. ಕೇಂದ್ರ ಗೃಹ ಸಚಿವಾಲಯದ ಅಡಿಯಲ್ಲಿ 2021ರಲ್ಲಿ ಶುರುವಾದ ವ್ಯವಸ್ಥೆಯ ಬಾಗಿಲು ಅದು. ಮೊದಲು ಅದರ ಸಂಖ್ಯೆ 155260 ಇತ್ತು, ಆಮೇಲೆ 1930 ಆಯಿತು. ನೀವು ಹೇಳಿದ ವಿವರವನ್ನು ಆಪರೇಟರ್ ಟೈಪ್ ಮಾಡಿದಾಗ ಒಂದು ಟಿಕೆಟ್ ಹುಟ್ಟಿ ಸಂಬಂಧಪಟ್ಟ ಬ್ಯಾಂಕಿನ ಪರದೆಗೆ ಹೋಗುತ್ತದೆ. ದುಡ್ಡು ಅಲ್ಲೇ ಇದ್ದರೆ ಆ ಬ್ಯಾಂಕು ಅಷ್ಟು ಮೊತ್ತವನ್ನು ಹೋಲ್ಡ್ ಮಾಡುತ್ತದೆ. ಮುಂದಿನ ಬ್ಯಾಂಕಿಗೆ ಹೋಗಿದ್ದರೆ ಟಿಕೆಟ್ಟೂ ಅಲ್ಲಿಗೆ ಹೋಗುತ್ತದೆ. ದುಡ್ಡು ಸಿಗುವ ತನಕ, ಇಲ್ಲವೇ ಅದು ವ್ಯವಸ್ಥೆಯಿಂದ ಹೊರಬಿದ್ದಿದೆ ಎಂದು ತಿಳಿಯುವ ತನಕ ಈ ಬೆನ್ನಟ್ಟುವಿಕೆ ನಡೆಯುತ್ತದೆ. ದುಡ್ಡು ಹೋದ ಮೇಲಿನ ಮೊದಲ ಗಂಟೆಗೆ ಬಹಳ ಬೆಲೆ ಇರುವುದು ಇದರಿಂದಲೇ. ಟಿಕೆಟ್ ಹೊರಟಾಗ ದುಡ್ಡು ಎಷ್ಟು ಖಾತೆ ಮುಂದಿದೆ ಎನ್ನುವುದೇ ಲೆಕ್ಕ.

ಒಬ್ಬ ನಿವೃತ್ತ ಮೇಷ್ಟ್ರ ಪ್ರಕರಣ ಹೇಳುತ್ತೇನೆ, ಗುರುತು ಸಿಗದಂತೆ ಕೊಂಚ ಬದಲಿಸಿ. ಷೇರು ವ್ಯವಹಾರದ ನಕಲಿ ಆ್ಯಪ್ ಒಂದರಲ್ಲಿ ಅವರಿಗೆ ಭಾರೀ ಲಾಭ ಕಾಣಿಸುತ್ತಿತ್ತು. ಅದನ್ನು ಹಿಂಪಡೆಯಲು ತೆರಿಗೆ ಕಟ್ಟಬೇಕು ಎಂದು ವಂಚಕರು ಹೇಳಿದರು. ಬೆಳಿಗ್ಗೆ 11:05ಕ್ಕೆ ಯುಪಿಐನಲ್ಲಿ 50,000 ರೂಪಾಯಿ, 11:20ಕ್ಕೆ ಐಎಂಪಿಎಸ್‌ನಲ್ಲಿ 2 ಲಕ್ಷ, ಎರಡೂ ಬೇರೆ ಬೇರೆ ಖಾತೆಗೆ. 11:40ಕ್ಕೆ ಇನ್ನೊಂದು ಲಕ್ಷ ಕೇಳಿದಾಗ ಮೇಷ್ಟ್ರಿಗೆ ಅನುಮಾನ ಬಂತು. ಆಮೇಲೆ ಏನು ಮಾಡಿದರು? ವಂಚಕನಿಗೇ ಮತ್ತೆ ಮತ್ತೆ ಫೋನ್ ಮಾಡಿದರು. "ನೋಡಪ್ಪಾ, ದುಡ್ಡು ವಾಪಸ್ ಹಾಕು, ಪೊಲೀಸಿಗೆ ಹೋಗಲ್ಲ" ಎಂದು ಬುದ್ಧಿ ಹೇಳಿದರಂತೆ. ಅವನು ಬಹಳ ವಿನಯದಿಂದ, ಅರ್ಧ ಗಂಟೆಯಲ್ಲಿ ಹಾಕುತ್ತೇನೆ ಸಾರ್ ಎಂದ. ಆ ಅರ್ಧ ಗಂಟೆ ಅವನಿಗೇ ಬೇಕಿತ್ತು. ಬಳಿಕ ಮೇಷ್ಟ್ರು ಬ್ಯಾಂಕಿಗೆ ನಡೆದು ಹೋಗಿ, ಟೋಕನ್ ತೆಗೆದುಕೊಂಡು, ಸರದಿಯಲ್ಲಿ ಕೂತು, ತಮ್ಮ ಖಾತೆ ಬ್ಲಾಕ್ ಮಾಡಿಸಿ ಮನೆಗೆ ಬಂದರು. 1930ಕ್ಕೆ ಫೋನ್ ಹೋದದ್ದು ಮಧ್ಯಾಹ್ನ ಮೂರರ ಹೊತ್ತಿಗೆ, ಸೊಸೆ ಹೇಳಿದ ಮೇಲೆ.

ಅಲ್ಲೂ ಒಂದು ಎಡವಟ್ಟಾಯಿತು, ಮತ್ತು ಇದು ದಿನವೂ ನಡೆಯುವ ಎಡವಟ್ಟು. ಆಪರೇಟರ್ ವಹಿವಾಟಿನ ಸಂಖ್ಯೆ ಕೇಳಿದರು. ಮೇಷ್ಟ್ರು ಪೇಮೆಂಟ್ ಆ್ಯಪ್ ತೆರೆದು ಕಣ್ಣಿಗೆ ಬಿದ್ದ ಮೊದಲ ಉದ್ದನೆಯ ನಂಬರನ್ನು ಓದಿದರು, ಅಕ್ಷರ ಅಂಕಿ ಎಲ್ಲ ಕಲಸಿದ್ದನ್ನು. ಅದು ಆ್ಯಪ್ ಕಂಪನಿ ತನ್ನ ಲೆಕ್ಕಕ್ಕೆ ಇಟ್ಟುಕೊಳ್ಳುವ ನಂಬರು. ಬ್ಯಾಂಕುಗಳು ಪರಸ್ಪರ ಗುರುತಿಸುವುದು ಬೇರೆಯದನ್ನು. ಯುಪಿಐ ಮತ್ತು ಐಎಂಪಿಎಸ್‌ಗೆ ಅದು ಬರೀ ಅಂಕಿಗಳ, 12 ಅಂಕಿಯ ಸಂಖ್ಯೆ. ಆ್ಯಪ್‌ನಲ್ಲಿ ಆ ವಹಿವಾಟನ್ನು ಒತ್ತಿದರೆ `UTR` ಎಂದೋ `UPI transaction ID` ಎಂದೋ ಅದರ ಪಕ್ಕ ಬರೆದಿರುತ್ತದೆ. ಬ್ಯಾಂಕಿನ ಎಸ್ಸೆಮ್ಮೆಸ್‌ನಲ್ಲೂ ಸಾಮಾನ್ಯವಾಗಿ ಇರುತ್ತದೆ. ನೆಫ್ಟ್‌ನದು ಇನ್ನೂ ಉದ್ದ, ಅದರಲ್ಲಿ ಅಕ್ಷರಗಳೂ ಬರುತ್ತವೆ. ತಪ್ಪು ನಂಬರು ಕೊಟ್ಟರೆ ಟಿಕೆಟ್ ಹೋಗುತ್ತದೆ, ಬ್ಯಾಂಕಿನವರು ಹುಡುಕುತ್ತಾರೆ, ಅಂಥ ವಹಿವಾಟೇ ಇಲ್ಲ ಎಂದು ಬರುತ್ತದೆ. ಮೇಷ್ಟ್ರ 50,000 ರೂಪಾಯಿಯ ಟಿಕೆಟ್ ಹೀಗೇ ಅಲೆಯಿತು. ಸರಿಪಡಿಸುವಷ್ಟರಲ್ಲಿ ಅಷ್ಟನ್ನೂ ಎಟಿಎಂನಿಂದ ತೆಗೆದಾಗಿತ್ತು. 2 ಲಕ್ಷದ ನಂಬರು ಸರಿ ಇತ್ತು. ಆ ದುಡ್ಡು ಅಷ್ಟರಲ್ಲಿ ಮೂರು ಖಾತೆಗೆ ಹರಿದಿತ್ತು, ಎರಡು ಬರಿದಾಗಿದ್ದವು, ಮೂರನೆಯದರಲ್ಲಿ 62,000 ರೂಪಾಯಿ ಹೋಲ್ಡ್ ಆಯಿತು. ಹನ್ನೊಂದೂ ಮುಕ್ಕಾಲಿಗೇ ಫೋನ್ ಮಾಡಿದ್ದರೆ ಎಲ್ಲವೂ ಉಳಿಯುತ್ತಿತ್ತೇ ಎಂದು ಕೇಳಿದರು. ಹಾಗೆಂದು ಪ್ರಮಾಣ ಮಾಡಿ ಹೇಳಲಾರೆ. 62,000ಕ್ಕಿಂತ ಹೆಚ್ಚು ಉಳಿಯುವ ಸಾಧ್ಯತೆ ಇತ್ತು ಎಂದಷ್ಟೇ ಹೇಳಿದೆ.

ಹಾಗಾಗಿ ಕೆಲಸದ ಕ್ರಮ ಹೀಗಿರಲಿ. ವಂಚಕನ ಜೊತೆ ಮಾತು ನಿಲ್ಲಿಸಿ, ಆದರೆ ಚಾಟ್ ಅಳಿಸಬೇಡಿ, ನಂಬರನ್ನೂ ಅಳಿಸಬೇಡಿ. ಅವನು ಹೇಳಿದ ಯಾವುದಾದರೂ ಆ್ಯಪ್ ಹಾಕಿಕೊಂಡಿದ್ದರೆ, ಇಲ್ಲವೇ ನಿಮ್ಮ ಪರದೆ ಅವನಿಗೆ ಕಾಣುತ್ತಿದ್ದರೆ, ಆ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ವೈಫೈ ಕೂಡ ಆರಿಸಿ, ಮುಂದಿನ ಕರೆಗಳನ್ನು ಮನೆಯ ಇನ್ನೊಬ್ಬರ ಫೋನಿನಿಂದ ಮಾಡಿ. ಫೋನನ್ನು ರೀಸೆಟ್ ಮಾಡುವ ಅವಸರ ಬೇಡ, ಸಾಕ್ಷ್ಯ ಅದರಲ್ಲೇ ಇದೆ. 12 ಅಂಕಿಯ ಸಂಖ್ಯೆ, ಮೊತ್ತ, ಸಮಯ, ನಿಮ್ಮ ಬ್ಯಾಂಕು ಮತ್ತು ಖಾತೆ ಸಂಖ್ಯೆ, ದುಡ್ಡು ಹೋದ ಯುಪಿಐ ಐಡಿ ಅಥವಾ ಖಾತೆ, ಇಷ್ಟನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಹಲವು ಸಲ ಕಳಿಸಿದ್ದರೆ ಪ್ರತಿಯೊಂದನ್ನೂ ಬೇರೆ ಬೇರೆ ಬರೆಯಿರಿ, ಕೊನೆಯದನ್ನು ಮೊದಲು ಹೇಳಿ. ಉಳಿದಿರುವ ಸಾಧ್ಯತೆ ಅದಕ್ಕೇ ಹೆಚ್ಚು.

ಆಮೇಲೆ 1930. ಲೈನ್ ಬಿಜಿ ಬರಬಹುದು, ಬರುತ್ತದೆ ಕೂಡ. ಮತ್ತೆ ಮತ್ತೆ ಪ್ರಯತ್ನಿಸಿ, ಅಷ್ಟರಲ್ಲಿ ಮನೆಯ ಇನ್ನೊಬ್ಬರು cybercrime.gov.in ತೆರೆದು ಹಣಕಾಸು ವಂಚನೆಯ ವಿಭಾಗದಲ್ಲಿ ದೂರು ತುಂಬಲಿ. ಕಥೆಯನ್ನು ಮೊದಲಿನಿಂದ ಹೇಳಲು ಹೋಗಬೇಡಿ. ವಾಟ್ಸಾಪ್ ಗುಂಪಿಗೆ ಯಾರು ಸೇರಿಸಿದರು, ಆ ಹುಡುಗಿ ಎಷ್ಟು ಚೆನ್ನಾಗಿ ಮಾತಾಡಿದಳು, ಇದೆಲ್ಲ ಆಮೇಲೆ ಠಾಣೆಯಲ್ಲಿ ಬೇಕಾಗುತ್ತದೆ, ಈ ಕರೆಯಲ್ಲಿ ಬೇಡ. ಕರೆ ಮುಗಿದಾಗ ಸ್ವೀಕೃತಿ ಸಂಖ್ಯೆ ಎಸ್ಸೆಮ್ಮೆಸ್‌ನಲ್ಲಿ ಬರುತ್ತದೆ. ಅದನ್ನು ಇಟ್ಟುಕೊಂಡು 24 ಗಂಟೆಯೊಳಗೆ ಪೋರ್ಟಲ್‌ನಲ್ಲಿ ಪೂರ್ತಿ ವಿವರ, ಸ್ಕ್ರೀನ್‌ಶಾಟ್ ಸೇರಿಸಬೇಕು. ಫೋನ್ ಮಾಡಿದ್ದೇ ಸಾಕು ಎಂದು ಇದನ್ನು ಬಿಟ್ಟವರ ದೂರು ಅರ್ಧಕ್ಕೇ ನಿಂತಿರುತ್ತದೆ.

ಹಾಗಾದರೆ ನಿಮ್ಮ ಬ್ಯಾಂಕಿಗೆ ತಿಳಿಸುವುದು ವ್ಯರ್ಥವೇ? ಅಲ್ಲ, ಅದರ ಉದ್ದೇಶ ಬೇರೆ. ಕಾರ್ಡಿನ ಹಿಂಬದಿಯಲ್ಲಿರುವ ನಂಬರಿಗೆ ಕರೆ ಮಾಡಿ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ಹುಡುಕಿದರೆ ಇನ್ನೊಬ್ಬ ವಂಚಕ ಸಿಗಬಹುದು. ಕಾರ್ಡ್, ಯುಪಿಐ, ನೆಟ್ ಬ್ಯಾಂಕಿಂಗ್ ನಿಲ್ಲಿಸಿ, ದೂರಿನ ಸಂಖ್ಯೆ ಪಡೆದು, ಅದನ್ನೇ ಇಮೇಲ್‌ನಲ್ಲೂ ಕಳಿಸಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಗ್ರಾಹಕ ಒಟಿಪಿ ಕೊಟ್ಟು ತಾನೇ ಎಡವಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ತಿಳಿಸಿದ ಸಮಯಕ್ಕೆ ದಾಖಲೆ ಬೇಕಾಗುವುದು ಇದಕ್ಕೆ. ಆದರೆ ಮೇಷ್ಟ್ರ ಹಾಗೆ ನೀವೇ ಪಿನ್ ಒತ್ತಿ ಕಳಿಸಿದ ದುಡ್ಡನ್ನು ಬ್ಯಾಂಕು ತುಂಬಿಕೊಡಬೇಕು ಎಂದು ಆ ಸುತ್ತೋಲೆ ತೋರಿಸಿ ವಾದಿಸುವುದು ಕಷ್ಟ, ಅದು ಇರುವುದು ಗ್ರಾಹಕನ ಅನುಮತಿಯಿಲ್ಲದೆ ನಡೆದ ವಹಿವಾಟಿಗೆ. ಇದನ್ನು ಯಾರೋ ಹೇಳಿಕೊಟ್ಟು, "ದುಡ್ಡು ಹೇಗೆ ಹೋಯಿತೋ ಗೊತ್ತೇ ಇಲ್ಲ" ಎಂದು ಕೆಲವರು ದೂರು ಬರೆಯುತ್ತಾರೆ. ನಾಚಿಕೆಯಿಂದ ಬರೆಯುವವರೂ ಇದ್ದಾರೆ, ಅವರ ಮೇಲೆ ನನಗೆ ಕನಿಕರವಿದೆ. ಆದರೆ ಯಾವ ಫೋನಿನಿಂದ, ಯಾವ ಹೊತ್ತಿಗೆ ಪಿನ್ ಒತ್ತಿದ್ದು ಎಂಬುದು ಬ್ಯಾಂಕಿನ ದಾಖಲೆಯಲ್ಲಿ ಇರುತ್ತದೆ. ಸುಳ್ಳು ಒಮ್ಮೆ ಸಿಕ್ಕಿಬಿದ್ದರೆ ನಿಮ್ಮ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ. ಮೋಸ ಹೋಗಿ ಕಳಿಸಿದೆ ಎಂದೇ ಬರೆಯಿರಿ, ಮೋಸ ಅಪರಾಧವೇ.

ಠಾಣೆಗೆ ಹೋಗಬೇಕೇ? ಹೋಗಬೇಕು, ಆದರೆ 1930ರ ಕರೆ ಮುಗಿಸಿ. ಸ್ವೀಕೃತಿ ಸಂಖ್ಯೆ ಎಫ್‌ಐಆರ್ ಅಲ್ಲ ಎಂಬುದು ನೆನಪಿರಲಿ. ಹೋಲ್ಡ್ ಆದ ದುಡ್ಡು ತಾನಾಗಿ ನಿಮ್ಮ ಖಾತೆಗೆ ಬರುವುದಿಲ್ಲ, ಅದಕ್ಕೆ ಪೊಲೀಸರ ವರದಿ ಬೇಕು, ನಾನು ನೋಡುವ ಪ್ರಕರಣಗಳಲ್ಲಿ ಹೆಚ್ಚಾಗಿ ನ್ಯಾಯಾಲಯದ ಆದೇಶವೂ ಬೇಕಾಗುತ್ತದೆ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 457ನೇ ಕಲಮಿನಡಿ ಹಾಕುತ್ತಿದ್ದ ಅರ್ಜಿಯನ್ನು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 503ರ ಅಡಿ ಹಾಕುತ್ತೇವೆ. ಆ ಖಾತೆಗೆ ನಿಮ್ಮ ದುಡ್ಡೇ ಬಂತು ಎಂದು ತೋರಿಸುವುದು ಮತ್ತದೇ 12 ಅಂಕಿಯ ಸಂಖ್ಯೆಯಿಂದ. ಒಂದೇ ಖಾತೆಯಲ್ಲಿ ಹಲವರ ದುಡ್ಡು ಬೆರೆತಿದ್ದರೆ ತಡವಾಗುತ್ತದೆ.

ಈ ಕಾಯುವ ಕಾಲದಲ್ಲಿ ಇನ್ನೊಂದು ಕರೆ ಬರಬಹುದು. ಮೇಷ್ಟ್ರಿಗೂ ಬಂತು. ಸೈಬರ್ ಇಲಾಖೆಯಿಂದ ಎಂದ, ಕಳೆದುಕೊಂಡ ಮೊತ್ತವನ್ನು ಸರಿಯಾಗಿ ಹೇಳಿದ, ಹೋಲ್ಡ್ ಬಿಡಿಸಲು 9,000 ರೂಪಾಯಿ ಶುಲ್ಕ ಎಂದ. ಮೊತ್ತ ಅವನಿಗೆ ಹೇಗೆ ಗೊತ್ತು ಎಂದು ಮೇಷ್ಟ್ರು ಬೆರಗಾಗಿ ನನ್ನನ್ನು ಕೇಳಿದರು. ದುಡ್ಡು ತೆಗೆದುಕೊಂಡವನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತದೆ ಮೇಷ್ಟ್ರೇ? ಹೋಲ್ಡ್ ಬಿಡಿಸಲು ಪೊಲೀಸರಾಗಲಿ ಬ್ಯಾಂಕಾಗಲಿ ಯುಪಿಐನಲ್ಲಿ ಶುಲ್ಕ ಕೇಳುವುದಿಲ್ಲ. ಆ ನಂಬರನ್ನೂ ಅದೇ ದೂರಿಗೆ ಸೇರಿಸಲು ತನಿಖಾಧಿಕಾರಿಗೆ ಕೊಡಿಸಿದೆ.