ಅಟ್-ರೆಸ್ಟ್ ಒತ್ತಡ: ಅಲುಗಾಡದ ಗೋಡೆಗೆ ಮಣ್ಣು ಕೊಡುವ ಒತ್ತು

ಮಣ್ಣು ಕೆಳಕ್ಕೆ ಮಾತ್ರ ಒತ್ತುವುದಿಲ್ಲ, ಪಕ್ಕಕ್ಕೂ ಒತ್ತುತ್ತದೆ. ಎಷ್ಟು ಒತ್ತುತ್ತದೆ ಎನ್ನುವುದು ಗೋಡೆ ಎಷ್ಟು ಜಾಗ ಬಿಡುತ್ತದೆ ಎನ್ನುವುದರ ಮೇಲೆ ನಿಂತಿದೆ. ತುದಿ ಬಿಡುವಾಗಿರುವ ತಡೆಗೋಡೆ ಒಂದಿಷ್ಟು ಆಚೆ ವಾಲಿದರೆ ಮಣ್ಣಿನ ಕಣಗಳು ಒಂದನ್ನೊಂದು ಹಿಡಿದುಕೊಂಡು ತಮ್ಮ ಭಾರವನ್ನು ತಾವೇ ಸ್ವಲ್ಪ ಹೊರುತ್ತವೆ. ಗಟ್ಟಿ ಮರಳಿನಲ್ಲಿ ಇದಕ್ಕೆ ಎತ್ತರದ ಸಾವಿರದಲ್ಲೊಂದು ಪಾಲು ಸರಿದರೂ ಸಾಕು. 3 ಮೀಟರ್ ಗೋಡೆಗೆ ಅದು ಬರೀ 3 ಮಿಲಿಮೀಟರ್. ಆಗ ಉಳಿಯುವುದು ಆಕ್ಟಿವ್ ಒತ್ತಡ.

ಬೇಸ್‌ಮೆಂಟ್ ಗೋಡೆಗೆ ಆ 3 ಮಿಲಿಮೀಟರ್ ಕೂಡ ಸಿಗುವುದಿಲ್ಲ. ಮೇಲೆ ಸ್ಲ್ಯಾಬ್, ಕೆಳಗೆ ನೆಲ, ಎರಡೂ ಅದನ್ನು ಹಿಡಿದಿರುತ್ತವೆ. ಹಾಗಾಗಿ ಮಣ್ಣು ಮೊದಲಿದ್ದ ಒತ್ತಡದಲ್ಲೇ ಇರುತ್ತದೆ. ಇದೇ ಅಟ್-ರೆಸ್ಟ್ ಒತ್ತಡ. ಕೆಳಮುಖ ಒತ್ತಡದಲ್ಲಿ ಎಷ್ಟು ಪಾಲು ಪಕ್ಕಕ್ಕೆ ಬರುತ್ತದೆ ಎನ್ನುವುದೇ ಗುಣಾಂಕ. ಹಿಂದೆ ಹೆಚ್ಚಿನ ಹೊರೆ ಕಾಣದ ಮರಳಿಗೆ ಇದರ ಗುಣಾಂಕ K₀ = 1 − sin φ. φ ಅಂದರೆ ಮಣ್ಣಿನ ಘರ್ಷಣೆಯ ಕೋನ.

φ 30 ಡಿಗ್ರಿ ಇದ್ದರೆ K₀ 0.5, ಆಕ್ಟಿವ್ ಗುಣಾಂಕ ಸುಮಾರು 0.33. ಮಣ್ಣಿನ ತೂಕ ಘನಮೀಟರಿಗೆ 18 ಕಿಲೋನ್ಯೂಟನ್ ಎಂದುಕೊಂಡರೆ 3 ಮೀಟರ್ ಗೋಡೆಯ ಬುಡದಲ್ಲಿ ಅಡ್ಡ ಒತ್ತಡ 27 ಕಿಲೋಪಾಸ್ಕಲ್. ಆಕ್ಟಿವ್ ಎಂದು ಲೆಕ್ಕ ಹಾಕಿದ್ದರೆ 18 ಮಾತ್ರ ಬರುತ್ತಿತ್ತು. ಮೂರನೇ ಒಂದು ಪಾಲು ಕಾಗದದಲ್ಲೇ ಮಾಯ! ಅಂತರ್ಜಲ ಇದ್ದರೆ ಅದರ ಒತ್ತಡ ಬೇರೆ, ಅದನ್ನು ಕಡಿಮೆ ಮಾಡುವ ಗುಣಾಂಕ ಯಾವುದೂ ಇಲ್ಲ.

ಗೋಡೆ ಪಕ್ಕದ ನೆಲದ ಮೇಲೆ ವಾಹನ ಅಥವಾ ಸಾಮಾನಿನ ಹೊರೆ ಇದ್ದರೆ ಅದು ಸರ್ಚಾರ್ಜ್. ಅಗಲಕ್ಕೂ ಹರಡಿದ 10 ಕಿಲೋಪಾಸ್ಕಲ್ ಹೊರೆ ಮೇಲಿನಿಂದ ಬುಡದವರೆಗೆ ಒಂದೇ ಸಮನೆ 5 ಕಿಲೋಪಾಸ್ಕಲ್ ಸೇರಿಸುತ್ತದೆ. ಒಂದೇ ಕಂಬದ ಅಥವಾ ಚಕ್ರದ ಹೊರೆಗೆ ಈ ಸುಲಭದ ಲೆಕ್ಕ ನಡೆಯುವುದಿಲ್ಲ.

ರೋಲರ್ ವಿಷಯ ಬೇರೆ. ಅದು ಮಣ್ಣನ್ನು ಅದುಮಿ ಆಚೆ ಹೋಗುತ್ತದೆ, ಆದರೆ ಅದು ಹುಟ್ಟಿಸಿದ ಅಡ್ಡ ಒತ್ತಡ ಪೂರ್ತಿ ಅದರ ಜೊತೆ ಹೋಗುವುದಿಲ್ಲ. ಕಣಗಳ ನಡುವೆ ಬೀಗ ಹಾಕಿದಂತೆ ಉಳಿದುಬಿಡುತ್ತದೆ. ಇಂಗೋಲ್ಡ್ ವಿಧಾನದಲ್ಲಿ ಹೀಗೆ ಉಳಿಯುವ ಒತ್ತಡ √(2pγ/π). p ಅಂದರೆ ರೋಲರ್ ಅಗಲದ ಒಂದು ಮೀಟರಿಗೆ ಬೀಳುವ ಭಾರ, γ ಮಣ್ಣಿನ ತೂಕ. p 20 ಕಿಲೋನ್ಯೂಟನ್ ಇದ್ದರೆ ಉಳಿಯುವುದು ಸುಮಾರು 15 ಕಿಲೋಪಾಸ್ಕಲ್. ನಮ್ಮ ಗೋಡೆಯಲ್ಲಿ ಇದು 0.4 ಮೀಟರ್ ಆಳದಿಂದ 1.7 ಮೀಟರ್‌ವರೆಗೆ ಇರುತ್ತದೆ. 0.4 ಮೀಟರ್ ಆಳದಲ್ಲಿ ಬರೀ ಮಣ್ಣಿನದು 4ಕ್ಕಿಂತ ಕಡಿಮೆ ಅಲ್ವಾ? 1.7 ಮೀಟರ್‌ಗಿಂತ ಕೆಳಗೆ ಮಣ್ಣಿನ ಸ್ವಂತ ಒತ್ತಡವೇ ಜಾಸ್ತಿಯಾಗಿ ರೋಲರ್ ಬಿಟ್ಟುಹೋದದ್ದನ್ನು ನುಂಗಿಬಿಡುತ್ತದೆ.

ಈ 15ಕ್ಕೆ ಸರ್ಚಾರ್ಜ್‌ನ 5ನ್ನು ಸುಮ್ನೆ ಕೂಡಿಸುವವರಿದ್ದಾರೆ. ಅದು ಅತಿ ಜಾಗ್ರತೆ. 1 ಮೀಟರ್ ಆಳದಲ್ಲಿ ಮಣ್ಣಿನ 9 ಮತ್ತು ಸರ್ಚಾರ್ಜ್‌ನ 5 ಸೇರಿ 14. ಅಲ್ಲಿ 15 ಆಗಲೇ ಕೂತಿದೆ, ಹಾಗಾಗಿ ಹೊಸ ಹೊರೆಗೆ ಒತ್ತಡ ಹೆಚ್ಚು ಏರುವುದಿಲ್ಲ. ಆಯಾ ಆಳದಲ್ಲಿ ಎರಡರಲ್ಲಿ ದೊಡ್ಡದನ್ನು ಹಿಡಿಯುವುದು ನನಗೆ ಸರಿ ಕಾಣುತ್ತದೆ.

ಸೈಟಿನಲ್ಲಿ ಮಾಡುವ ತಪ್ಪು ಎರಡು. ಭಾರದ ರೋಲರನ್ನು ಗೋಡೆಗೆ ಒತ್ತಿ ಓಡಿಸುವುದು ಒಂದು. ಗೋಡೆಯಿಂದ ಒಂದೂವರೆ ಮೀಟರ್‌ವರೆಗೆ ತೆಳುವಾದ ಪದರ ಹಾಕಿ ಕೈಯಲ್ಲಿ ನಡೆಸುವ ಪ್ಲೇಟ್ ಕಾಂಪ್ಯಾಕ್ಟರ್ ಬಳಸಬೇಕು. ಮೇಲಿನ ಸ್ಲ್ಯಾಬ್ ಹಾಕುವ ಮೊದಲೇ ಮಣ್ಣು ತುಂಬುವುದು ಇನ್ನೊಂದು. ಆಗ ಗೋಡೆ ಬುಡದಲ್ಲಿ ಮಾತ್ರ ಹಿಡಿದು ನಿಂತಿರುತ್ತದೆ, ಬಿರುಕು ಮಣ್ಣಿನ ಕಡೆಯ ಬುಡದಲ್ಲಿ ಬರುತ್ತದೆ, ಯಾರಿಗೂ ಕಾಣುವುದಿಲ್ಲ. ಒಳಗಡೆ ನಡು ಎತ್ತರದ ಹತ್ತಿರ ಉದ್ದಕ್ಕೆ ಅಡ್ಡ ಬಿರುಕು ಕಂಡರೆ ಕಥೆ ಬೇರೆ: ಮೇಲೆ ಕೆಳಗೆ ಹಿಡಿತ ಇದೆ, ನಡುವೆ ಗೋಡೆ ಒಳಕ್ಕೆ ಬಾಗುತ್ತಿದೆ.